ಬೆಂಗಳೂರು, ಲಂಡನ್, ಶಿಕಾಗೋ: ಒಂದು ಡ್ಯಾಶ್‌ಬೋರ್ಡ್‌ಗೆ ಮೂರು ಬೆಳಗು

ನಮ್ಮದು ಒಂದೇ ಪವರ್ ಬಿಐ ಡ್ಯಾಶ್‌ಬೋರ್ಡ್, ನೋಡುವವರು ಮೂರು ಕಡೆ. ಬೆಂಗಳೂರಲ್ಲಿ ಒಂಬತ್ತೂವರೆಗೆ ಕೆಲಸ ಶುರು, ಲಂಡನ್‌ನಲ್ಲಿ ಒಂಬತ್ತಕ್ಕೆ, ಶಿಕಾಗೋದಲ್ಲಿ ಎಂಟಕ್ಕೆ. ರಿಫ್ರೆಶ್ ಮುಗಿಯೋಕೆ 25 ನಿಮಿಷ ಬೇಕು. ಮೂರು ವಿಧಾನ ಪ್ರಯತ್ನಿಸಿ ನೋಡಿದ್ದೇನೆ.

ಮೊದಲನೆಯದು ಎಲ್ಲರೂ ಮಾಡುವುದೇ, ರಾತ್ರಿ ಒಂದು ಸಲ. ನಮ್ಮ ಎರಡು ಗಂಟೆಗೆ ಇಟ್ಟೆ, ಆಗ ಯಾರೂ ಎದ್ದಿರಲ್ಲ ಅಂದುಕೊಂಡು. ಆದರೆ ನಮ್ಮ ರಾತ್ರಿ ಎರಡು ಅಂದರೆ ಶಿಕಾಗೋದಲ್ಲಿ ಚಳಿಗಾಲದ ಮಧ್ಯಾಹ್ನ ಎರಡೂವರೆ! ಅವರ ಅರ್ಧ ದಿನದ ವ್ಯವಹಾರ ಮಾತ್ರ ಒಳಗೆ ಬರುತ್ತಿತ್ತು. ಮರುದಿನ ಬೆಳಿಗ್ಗೆ ಅವರು ತೆರೆದರೆ "ನಿನ್ನೆಯ ಮಾರಾಟ" ಅರ್ಧಕ್ಕೆ ನಿಂತಿರುತ್ತಿತ್ತು. ಬೆಂಗಳೂರಿಗೆ ಸರಿ, ಶಿಕಾಗೋಗೆ ಸುಳ್ಳು. ಒಂದೇ ವಾರದಲ್ಲಿ ಬಿಟ್ಟೆ.

ಗಂಟೆಗೊಂದು ಸಲ ಓಡಿಸಿಬಿಡಿ ಅಂತ ಒಬ್ಬರು ಹೇಳಿದರು. ನಮ್ಮದು ಪ್ರೊ ಲೈಸೆನ್ಸ್, ದಿನಕ್ಕೆ ಎಂಟೇ ರಿಫ್ರೆಶ್. ಅಲ್ಲಿಗೆ ಆ ಮಾತು ಮುಗೀತು.

ಎರಡನೆಯದು, ಮೂರು ಹೊತ್ತು ಇಡುವುದು. ಶೆಡ್ಯೂಲ್‌ನಲ್ಲಿ ಒಂದೇ ಟೈಮ್ ಝೋನ್ ಆರಿಸೋಕೆ ಆಗೋದು, ಹಾಗಾಗಿ ನಮ್ಮದನ್ನೇ ಆರಿಸಿದೆ. ಹೊತ್ತು ಬಂದ ತಕ್ಷಣ ರಿಫ್ರೆಶ್ ಶುರುವಾಗುತ್ತೆ ಅಂತ ನಂಬಬೇಡಿ. 15 ನಿಮಿಷದೊಳಗೆ ಶುರು ಮಾಡುವುದು ಮೈಕ್ರೋಸಾಫ್ಟ್‌ನವರ ಗುರಿ, ಆದರೆ ಸರ್ವರ್ ಬಿಡುವಿಲ್ಲದಿದ್ದರೆ ಒಂದು ಗಂಟೆವರೆಗೂ ತಡವಾಗಬಹುದು. ಒಂದು ಗಂಟೆ ತಡ, 25 ನಿಮಿಷ ಓಟ, ಸ್ವಲ್ಪ ಅಂಚು: ಕೆಲಸ ಶುರುವಾಗುವ ಒಂದೂವರೆ ಗಂಟೆ ಮುಂಚೆ ಇಟ್ಟೆ. ಅದು ಜನವರಿ, ಹಾಗಾಗಿ ನಮ್ಮ ಲೆಕ್ಕದಲ್ಲಿ ಬೆಂಗಳೂರಿಗೆ 8:00, ಲಂಡನ್‌ಗೆ 13:00, ಶಿಕಾಗೋಗೆ 18:00.

ಮಾರ್ಚ್‌ವರೆಗೆ ಚೆನ್ನಾಗಿತ್ತು. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತೆ, ಬ್ರಿಟನ್‌ನಲ್ಲಿ ಕೊನೆಯ ಭಾನುವಾರ, ನಮ್ಮಲ್ಲಿ ಹೋಗುವುದೇ ಇಲ್ಲ. ನಮ್ಮ ಸಂಜೆ ಆರು ಗಂಟೆ ಶಿಕಾಗೋದಲ್ಲಿ 6:30 ಇದ್ದದ್ದು 7:30 ಆಯಿತು. ತಮಾಷೆ ಏನೆಂದರೆ ಪೂರ್ತಿ ಕೆಡಲಿಲ್ಲ. ತಕ್ಷಣ ಶುರುವಾದ ದಿನ 7:55ಕ್ಕೆ ಮುಗಿಯುತ್ತಿತ್ತು, ಕಾಲು ಗಂಟೆ ತಡವಾದ ದಿನ 8:10. ಒಂದು ದಿನ ಸರಿ, ಒಂದು ದಿನ ಹಳೆಯ ಅಂಕಿ. ಅಲ್ಲಿಯವರು "ಕೆಲವು ದಿನ ಮಾತ್ರ ಕೈ ಕೊಡುತ್ತೆ" ಅಂದಾಗ ನಾನು ಗೇಟ್‌ವೇ ಕೆಟ್ಟಿದೆ ಅಂತ ನಾಲ್ಕು ದಿನ ಸುಮ್ನೆ ಅದನ್ನೇ ಕೆದಕುತ್ತಾ ಕೂತೆ. ಲಂಡನ್‌ನವರು ಮಾತ್ರ ಆರಾಮಾಗಿದ್ದರು, ಅವರ ಸರದಿ ತಿಂಗಳ ಕೊನೆಗೆ ಬಂತು.

ಇದಕ್ಕೆ ಅಗ್ಗದ ಮದ್ದು ಇದೆ. ವರ್ಷಪೂರ್ತಿ ಬೇಸಿಗೆಯ ಲೆಕ್ಕದಲ್ಲೇ ಇಟ್ಟುಬಿಡಿ, ಅಂದರೆ 12:00 ಮತ್ತು 17:00. ಚಳಿಗಾಲದಲ್ಲಿ ಒಂದು ಗಂಟೆ ಮುಂಚೆ ಆಗುತ್ತೆ, ಅಷ್ಟೆ. ಹೆಚ್ಚಿನವರಿಗೆ ಇದೇ ಸಾಕು. ನಮಗೆ ಸಾಕಾಗಲಿಲ್ಲ, ಯಾಕಂದ್ರೆ ಶಿಕಾಗೋದ ರಾತ್ರಿ ಲೋಡ್ ಅಲ್ಲಿಯ ಆರು ಗಂಟೆಗೆ ಮುಗಿಯುತ್ತೆ. ಚಳಿಗಾಲದಲ್ಲಿ ರಿಫ್ರೆಶ್ 5:30ಕ್ಕೇ ಓಡಿದರೆ ಮೊನ್ನೆಯ ಅಂಕಿಯನ್ನೇ ಎತ್ತಿಕೊಂಡು ಬರುತ್ತೆ. ಹಿಸ್ಟರಿಯಲ್ಲಿ ಹಸಿರು ಟಿಕ್ ಬೇರೆ!

ಮೂರನೆಯದು, ಈಗ ಇರುವುದು: ಪವರ್ ಆಟೊಮೇಟ್‌ನಲ್ಲಿ ಮೂರು ಫ್ಲೋ, ಒಂದೊಂದಕ್ಕೂ ಅದರದೇ ಟೈಮ್ ಝೋನ್. ಶಿಕಾಗೋದ್ದು ಹೀಗಿದೆ:

```
Frequency: Day
Interval: 1
Time zone: (UTC-06:00) Central Time (US & Canada)
Start time: 2026-01-05T06:30:00
```

ಕೊನೆಯಲ್ಲಿ `Z` ಇಲ್ಲ ನೋಡಿ. ಟೈಮ್ ಝೋನ್ ಆರಿಸಿದ ಮೇಲೆ ಅದನ್ನು ಹಾಕಬಾರದು. ಮಾರ್ಚ್‌ನಲ್ಲಿ ಅಲ್ಲಿಯ ಗಡಿಯಾರ ಜರುಗಿದರೆ ಫ್ಲೋ ಕೂಡ ಜೊತೆಗೆ ಜರುಗುತ್ತೆ, ಹಾಗಾಗಿ ಯಾವಾಗಲೂ ಆರು ಗಂಟೆಯ ಲೋಡ್ ಆದ ಮೇಲೇ ಓಡುತ್ತೆ. ಹಳೆಯ ಶೆಡ್ಯೂಲ್ ಆಫ್ ಮಾಡಿ, ಎಂಟರ ಮಿತಿಯಲ್ಲಿ ಫ್ಲೋಗಳ ರಿಫ್ರೆಶ್ ಕೂಡ ಎಣಿಕೆಯಾಗುತ್ತೆ. ಇನ್ನೊಂದು, ಫ್ಲೋ ಯಶಸ್ವಿ ಅಂತ ಬಂದರೆ ರಿಫ್ರೆಶ್ ಮುಗಿದಿದೆ ಅಂತಲ್ಲ, ಕೋರಿಕೆ ತಲುಪಿದೆ ಅಂತ ಅಷ್ಟೆ. ನಿಜ ಏನಾಯಿತು ಅನ್ನೋದನ್ನು Refresh historyಯಲ್ಲೇ ನೋಡಬೇಕು.

ನನ್ನ ಆಯ್ಕೆ ಇದೇ. ಆದರೆ ಎರಡನೆಯದರ ತಲೆನೋವೊಂದು ಇಲ್ಲೂ ಉಳಿದಿದೆ. ಲಂಡನ್‌ಗಾಗಿ ಓಡುವ ರಿಫ್ರೆಶ್ ಬೇಸಿಗೆಯಲ್ಲಿ ನಮ್ಮ ಹನ್ನೆರಡಕ್ಕೆ, ಸರಿಯಾಗಿ ಇಲ್ಲಿ ಮೀಟಿಂಗ್ ನಡೆಯುವಾಗ. ಒಬ್ಬರು ಹನ್ನೊಂದೂವರೆಗೆ ಸ್ಕ್ರೀನ್‌ಶಾಟ್ ತೆಗೆದಿರುತ್ತಾರೆ, ಇನ್ನೊಬ್ಬರು ಹನ್ನೆರಡೂವರೆಗೆ ಪೇಜ್ ತೆರೆಯುತ್ತಾರೆ, ಅಂಕಿ ಬೇರೆ ಬೇರೆ, ಅಲ್ಲಿಂದ ಜಗಳ. ಪೇಜಿನ ಮೇಲೆ "ಕೊನೆಯ ರಿಫ್ರೆಶ್" ಅಂತ ಮೂರೂ ಊರಿನ ಸಮಯ ಹಾಕಿದ್ದೇನೆ. ಸ್ಕ್ರೀನ್‌ಶಾಟ್ ತೆಗೆಯುವವರು ಸರಿಯಾಗಿ ಆ ಸಾಲನ್ನೇ ಕತ್ತರಿಸುತ್ತಾರೆ.