ಹನಿ, ವಿಶೇಷ ಕನ್ನಡಕ, ಹೊರಗಿನ ಆಟ: ಮಗಳ ಮೈನಸ್ ಪವರ್‌ಗೆ ಮೂರನ್ನೂ ಮಾಡಿ ನೋಡಿದೆವು

ಮಗಳಿಗೆ 7 ವರ್ಷ ಇದ್ದಾಗ ಪವರ್ ಮೈನಸ್ 1. ಎಂಟಕ್ಕೆ ಮೈನಸ್ 2. ವರ್ಷಕ್ಕೆ ಒಂದು ಅಂದ್ರೆ ಜಾಸ್ತಿನೇ. ಡಾಕ್ಟರ್ ಆವತ್ತು ಪವರ್ ಜೊತೆ ಕಣ್ಣಿನ ಉದ್ದವನ್ನೂ ಅಳೆಸಿದರು. 24.12 ಮಿಲಿಮೀಟರ್ ಬಂತು. ಆ ಚೀಟಿಯನ್ನು ಫೈಲಿಗೆ ಸೇರಿಸಿ ಮರೆತುಬಿಟ್ಟೆ, ಅದೇ ಮುಖ್ಯ ಅಂತ ಆಮೇಲೆ ಗೊತ್ತಾಯಿತು.

ಮೊದಲು ಶುರು ಮಾಡಿದ್ದು ಮೈನಸ್ ಓಟ ನಿಧಾನ ಮಾಡೋ ಶೇ. 0.01 ಅಟ್ರೋಪಿನ್ ಹನಿ. ರಾತ್ರಿ ಮಲಗೋ ಮುಂಚೆ ಎರಡೂ ಕಣ್ಣಿಗೆ ಒಂದೊಂದು ಹನಿ, ಅಷ್ಟೇ. ಉರಿ ಇಲ್ಲ, ಓದೋಕೆ ತೊಂದರೆ ಇಲ್ಲ. ಒಂದು ವರ್ಷ ಆದಮೇಲೆ ಪವರ್ ಮೈನಸ್ 2.5. ಬರೀ ಅರ್ಧ ಏರಿದೆ ಅಂತ ನಾವು ಖುಷಿಯಾಗಿದ್ದೆವು. ಡಾಕ್ಟರ್ ಮಾತ್ರ ಹಳೇ ಚೀಟಿ ಕೇಳಿದರು. ಉದ್ದ ಈಗ 24.43, ಅಂದರೆ 0.31 ಬೆಳೆದಿದೆ. ಈ ವಯಸ್ಸಿನಲ್ಲಿ ಮೈನಸ್ ಇಲ್ಲದ ಮಕ್ಕಳ ಕಣ್ಣೂ ವರ್ಷಕ್ಕೆ ಒಂದಿಷ್ಟು ಬೆಳೆಯುತ್ತದೆ, ಆದರೆ ಇಷ್ಟಲ್ಲ. ಮೈನಸ್ ಏರೋದೇ ಕಣ್ಣು ಹಿಂದಕ್ಕೆ ಉದ್ದವಾಗೋದರಿಂದ, ಕಣ್ಣಿನ ಹಿಂಬದಿಯ ಪರದೆ ರೆಟಿನಾಗೆ ಮುಂದೊಂದು ದಿನ ಅಪಾಯ ತರೋದೂ ಅದೇ. ಮಕ್ಕಳಿಗೆ ಬೇರೆ ಬೇರೆ ಶಕ್ತಿಯ ಅಟ್ರೋಪಿನ್ ಹಾಕಿ ನೋಡಿದ ಹಾಂಗ್‌ಕಾಂಗ್‌ನ ಲ್ಯಾಂಪ್ ಅಧ್ಯಯನದಲ್ಲೂ ಹೀಗೇ ಕಂಡಿತ್ತು. 0.01 ಹನಿ ಪವರ್ ಏರಿಕೆಯನ್ನು ಒಂದಿಷ್ಟು ತಗ್ಗಿಸಿತು, ಉದ್ದದ ಮೇಲೆ ಪರಿಣಾಮ ತೀರಾ ಕಡಿಮೆ. ಅಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಶೇ. 0.05 ಹನಿ.

ಹಾಗಾದರೆ 0.05 ಯಾಕೆ ಹಾಕಲಿಲ್ಲ? ಎರಡು ವಾರ ಹಾಕಿದೆವು. ಪಾಪೆ ದೊಡ್ಡದಾಗಿ ಮಧ್ಯಾಹ್ನ ಶಾಲೆಯ ಮೈದಾನದಲ್ಲಿ ಕಣ್ಣು ಕಿರಿದು ಮಾಡಿಕೊಂಡು ನಿಲ್ಲುತ್ತಿದ್ದಳು. ತುಂಬಾ ಮಕ್ಕಳು ಇದನ್ನು ಸಹಿಸಿಕೊಳ್ಳುತ್ತಾರಂತೆ, ಇವಳು ಹಠ ಹಿಡಿದಳು. ಡಾಕ್ಟರನ್ನು ಕೇಳಿಯೇ ನಿಲ್ಲಿಸಿದೆವು. ತಿಂಗಳುಗಟ್ಟಲೆ ಹಾಕಿದ ಮೇಲೆ ಹನಿಯನ್ನು ಏಕಾಏಕಿ ನಿಲ್ಲಿಸಿದರೆ ಮೈನಸ್ ಮತ್ತೆ ಜೋರಾಗಿ ಏರಬಹುದು, ಹನಿಯ ಶಕ್ತಿ ಜಾಸ್ತಿ ಇದ್ದಷ್ಟೂ ಈ ಭಯ ಜಾಸ್ತಿ. ಸುಮ್ನೆ ನಾವೇ ತೀರ್ಮಾನ ಮಾಡೋ ವಿಷಯ ಅಲ್ಲ ಅದು.

ಎರಡನೇ ವರ್ಷ ವಿಶೇಷ ಲೆನ್ಸ್‌ನ ಕನ್ನಡಕ. ನೋಡೋಕೆ ಮಾಮೂಲಿ ಕನ್ನಡಕವೇ. ನಡುವಿನ ಭಾಗದಲ್ಲಿ ಸಾಮಾನ್ಯ ಪವರ್ ಇರುತ್ತದೆ, ಸುತ್ತಲೂ ನೂರಾರು ಪುಟ್ಟ ಲೆನ್ಸ್‌ಗಳು. ಅವು ಒಂದಿಷ್ಟು ಬೆಳಕನ್ನು ರೆಟಿನಾದ ಮುಂದೆಯೇ ಕೂಡಿಸುತ್ತವೆ, ಕಣ್ಣಿಗೆ ಅದು ಬೆಳೆಯಬೇಡ ಅನ್ನೋ ಸೂಚನೆ. ದಿನಕ್ಕೆ 12 ಗಂಟೆಯಾದರೂ ಹಾಕಿರಬೇಕು. ನಮಗೆ ಫ್ರೇಮ್ ಬಿಟ್ಟು ಸುಮಾರು 18 ಸಾವಿರ ಬಿತ್ತು. ಹನಿಯ ಖರ್ಚು ತಿಂಗಳಿಗೆ ಕೆಲವು ನೂರು, ಇದು ಒಂದೇ ಏಟಿಗೆ ಹೋಗೋ ದುಡ್ಡು, ಅದೂ ಪವರ್ ಬದಲಾದರೆ ಹೊಸ ಲೆನ್ಸ್ ಬೇರೆ.

ಆರು ತಿಂಗಳಿಗೆ ಕಣ್ಣಿನ ಉದ್ದ 0.13 ಮಿಲಿಮೀಟರ್ ಏರಿತ್ತು. ನನಗೆ ಹೊಟ್ಟೆ ಉರಿಯಿತು. ಆಮೇಲೆ ಅವಳು ಓದುವಾಗ ಎದುರು ಕೂತು ಗಮನಿಸಿದೆ. ಕನ್ನಡಕ ಮೂಗಿನ ತುದಿಗೆ ಜಾರಿದೆ, ಹುಡುಗಿ ಫ್ರೇಮಿನ ಮೇಲಿಂದ ನೋಡುತ್ತಿದ್ದಾಳೆ! ಅಂಗಡಿಯವರು ಲೆನ್ಸ್‌ನ ನಡುಭಾಗ ಪಾಪೆಗೆ ಸರಿಯಾಗಿ ಎದುರಾಗುವ ಹಾಗೆ ಅಳತೆ ತೆಗೆದಿರಲಿಲ್ಲ, ಫ್ರೇಮ್ ಕೂಡ ದೊಡ್ಡದು. ಸಣ್ಣ ಫ್ರೇಮ್, ಕಿವಿಯ ಹಿಂದೆ ಹಿಡಿಯೋ ರಬ್ಬರ್ ಕೊಕ್ಕೆ, ಹೊಸ ಅಳತೆ. ಮುಂದಿನ ಆರು ತಿಂಗಳಲ್ಲಿ ಉದ್ದ ಏರಿದ್ದು 0.05 ಮಿಲಿಮೀಟರ್ ಮಾತ್ರ. ಇದಷ್ಟೂ ಲೆನ್ಸ್‌ನದೇ ಮಹಿಮೆ ಅಂತ ನಾನು ಆಣೆ ಹಾಕಲ್ಲ, ಯಾಕೆಂದರೆ ವಯಸ್ಸು ಏರಿದ ಹಾಗೆ ಮೈನಸ್ ಓಟ ತಾನಾಗೇ ನಿಧಾನ ಆಗುತ್ತದೆ. ಆದರೂ ಹಣ ಇದ್ದರೆ ನನ್ನ ಓಟು 0.01ಕ್ಕಿಂತ ಇದಕ್ಕೇ.

ಹೊರಗಿನ ಆಟದ ಕಥೆ ಬೇರೆ. ಅಲ್ಲಿ ಕೆಲಸ ಮಾಡೋದು ಹೊರಗಿನ ಜೋರು ಬೆಳಕಂತೆ, ಅದಕ್ಕೇ ಮೊಬೈಲಿನಲ್ಲಿ ಬೆಳಕು ಅಳೆದು ನೋಡಿದೆ. ಮನೆಯೊಳಗೆ ಓದೋ ಮೇಜಿನ ಹತ್ತಿರ 250 ಲಕ್ಸ್, ಕೆಳಗೆ ಹೊಂಗೆ ಮರದ ನೆರಳಲ್ಲೇ 8 ಸಾವಿರ. ಚೀನಾದ ಗುವಾಂಗ್‌ಝೌ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಜಾಸ್ತಿ ಹೊರಗೆ ಬಿಟ್ಟಾಗ, 3 ವರ್ಷದಲ್ಲಿ ಹೊಸದಾಗಿ ಮೈನಸ್ ಬಂದ ಮಕ್ಕಳು ಶೇ. 39.5ರ ಬದಲು 30.4. ಹೊಸದಾಗಿ ಅನ್ನೋದನ್ನು ಗಮನಿಸಿ. ಈಗಾಗಲೇ ಬಂದಿರೋ ಮೈನಸ್ ಏರೋದನ್ನು ಬಿಸಿಲು ಅಷ್ಟಾಗಿ ತಡೆಯುತ್ತದೆ ಅನ್ನೋಕೆ ಆಧಾರ ಗಟ್ಟಿಯಿಲ್ಲ. ಹಾಗಾಗಿ ಮಗಳನ್ನು ಎಳೆದುಕೊಂಡು ಹೋಗೋ ಜಗಳ ನಿಲ್ಲಿಸಿದ್ದೇವೆ, ಇಷ್ಟ ಬಂದಾಗ ಆಡುತ್ತಾಳೆ. ದಿನಾ ಎರಡು ಗಂಟೆ ಕೆಳಗೆ ಓಡಿಸೋದು ಐದು ವರ್ಷದ ಮಗನನ್ನು, ಅವನಿಗಿನ್ನೂ ಮೈನಸ್ ಬಂದಿಲ್ಲ, ಅಪ್ಪ ಅಮ್ಮ ಇಬ್ಬರಿಗೂ ಇದೆ ನೋಡಿ.

ಈಗ ಪವರ್ ಮೈನಸ್ 2.75. ಪ್ರತಿ ಸಲ ಪಾಪೆ ಹಿಗ್ಗಿಸೋ ಹನಿ ಹಾಕಿಯೇ ಪರೀಕ್ಷೆ ಮಾಡಿಸುತ್ತೇವೆ, ಇಲ್ಲದಿದ್ದರೆ ಮಗು ಕಣ್ಣನ್ನು ಬಿಗಿಹಿಡಿದು ಪವರ್ ಸುಮ್ನೆ ಜಾಸ್ತಿ ತೋರಿಸುತ್ತದೆ. ಮುಂದಿನ ಅಳತೆ ಜೂನ್‌ನಲ್ಲಿ. ಉದ್ದ ಮತ್ತೆ ಓಡಿದ್ದರೆ ಕನ್ನಡಕದ ಜೊತೆಗೇ 0.025 ಹನಿ ಸೇರಿಸೋಣ ಅಂದಿದ್ದಾರೆ ಡಾಕ್ಟರ್.