ಕ್ಲಿಕ್ ನೋಡಿ ಪಟ್ಟಿ ಜೋಡಿಸಿಕೊಡ್ತೀವಿ ಅಂತ ಬಂದವರಿಗೆ ದುಡ್ಡು ಕೊಡುವ ಮುಂಚೆ

ನಿಮ್ಮ ಆ್ಯಪ್‌ನಲ್ಲಿ ಜನ ಯಾವುದನ್ನು ಒತ್ತುತ್ತಾರೆ ಅಂತ ನೋಡಿ, ಅದರಿಂದಲೇ ಯಂತ್ರಕ್ಕೆ ಕಲಿಸಿ, ಹುಡುಕಿದಾಗ ಬರುವ ಪಟ್ಟಿಯನ್ನು ಚೆನ್ನಾಗಿ ಜೋಡಿಸಿಕೊಡ್ತೀವಿ ಅಂತ ಯಾರಾದರೂ ಬರಬಹುದು. ಬಂದರೆ ಒಂದು ಪ್ರಶ್ನೆ ಕೇಳಿ. "ಒಂದೇ ಸಾಮಾನು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಕಾಣಿಸಿಕೊಂಡ ದಾಖಲೆ ನಮ್ಮ ಡೇಟಾದಲ್ಲಿ ಇದೆಯಾ?" ಇಲ್ಲ ಅಂದರೂ, ಪ್ರಶ್ನೆಯೇ ಅರ್ಥವಾಗಲಿಲ್ಲ ಅಂದರೂ, ಚಹಾ ಕುಡಿಸಿ ಕಳಿಸಿಬಿಡಿ. ನಮ್ಮ ಕಂಪನಿ ಅಡ್ವಾನ್ಸ್ ಕೊಟ್ಟು ಕೂತಿದೆ.

ನಮ್ಮದು ಕಲಬುರಗಿಯ ಚಿಕ್ಕ ಕಂಪನಿ. ಸುತ್ತಮುತ್ತಲಿನ ಕಿರಾಣಿ ಅಂಗಡಿಯವರು ಫೋನ್‌ನಲ್ಲೇ ಸಗಟು ಸಾಮಾನು ಆರ್ಡರ್ ಮಾಡುವ ಆ್ಯಪ್ ನಡೆಸುತ್ತೇವೆ. ಏನೇ ಹುಡುಕಿದರೂ ಮೊದಲೆಲ್ಲ ಒಂದೇ ಕ್ರಮ ಇತ್ತು: ಮೊದಲು ನೋಂದಣಿ ಆದ ಸಾಮಾನು ಮೇಲೆ, ಆಮೇಲೆ ಬಂದದ್ದು ಕೆಳಗೆ. ಇದು ಸರಿಯಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಹೊರಗಿನ ಒಂದು ಸಾಫ್ಟ್‌ವೇರ್ ಕಂಪನಿಯವರು ಬಂದು, ನಿಮ್ಮ ಹತ್ತಿರ ಇಷ್ಟೊಂದು ಕ್ಲಿಕ್ ಇದೆ, ಅದರಿಂದ ಪಟ್ಟಿ ಜೋಡಿಸೋದನ್ನು ಕಲಿಯುವ ಲರ್ನಿಂಗ್ ಟು ರ್‍ಯಾಂಕ್ ಮಾಡೆಲ್ ಮಾಡಿಕೊಡ್ತೀವಿ ಅಂದರು. ಮಾಡಿಕೊಟ್ಟರು. ಪರೀಕ್ಷೆಯ ವರದಿಯಲ್ಲಿ ಅಂಕ ಭರ್ಜರಿಯಾಗಿತ್ತು. ನಮ್ಮ ಮಾಲೀಕರು ಖುಷಿಯಾದರು.

ಮೊದಲು ತಕರಾರು ಬಂದದ್ದು ನಮ್ಮೂರಿನ ಸಗಟು ಮಾರುಕಟ್ಟೆ ನೆಹರೂ ಗಂಜ್‌ನ ಒಬ್ಬ ದಾಲ್ ಮಿಲ್ ಮಾಲೀಕರಿಂದ. "ಸರ, ಹೊಸಾದು ಹಾಕಿದ್ರಿ ಅಂತ ಹೇಳಿದ್ರಿ, ನಮ್ ಬ್ಯಾಳಿ ಇನ್ನೂ ಕೆಳಗೇ ಅದಲ್ರಿ?" ಅಂದರು. ತೆಗೆದು ನೋಡಿದೆ. "ತೊಗರಿ ಬೇಳೆ" ಅಂತ ಹುಡುಕಿದರೆ ಹೊಸ ಪಟ್ಟಿಗೂ ಹಳೇ ಪಟ್ಟಿಗೂ ಮೇಲಿನ ಐದಾರು ಸಾಲಿನಲ್ಲಿ ವ್ಯತ್ಯಾಸವೇ ಇಲ್ಲ. ಸಕ್ಕರೆ, ಶೇಂಗಾ, ಸಾಬೂನು ಹುಡುಕಿದರೂ ಅದೇ ಕಥೆ. ಮಾಡೆಲ್ ಯಾವ ಅಂಶಕ್ಕೆ ಎಷ್ಟು ಬೆಲೆ ಕೊಟ್ಟಿದೆ ಅಂತ ತೆಗೆಸಿ ನೋಡಿದಾಗ ವಿಷಯ ಬಯಲಾಯಿತು. ದರ ಅಲ್ಲ, ತೂಕ ಅಲ್ಲ, ಡೆಲಿವರಿ ಸಮಯವೂ ಅಲ್ಲ. ಎಲ್ಲಕ್ಕಿಂತ ಮೇಲಿದ್ದದ್ದು ಸಾಮಾನು ನೋಂದಣಿಯಾದ ತಾರೀಕು! ಹಳೇ ಸಾಮಾನು ಅಂದರೆ ಒಳ್ಳೇ ಸಾಮಾನು ಅಂತ ಅದು ಕಲಿತುಬಿಟ್ಟಿತ್ತು.

ಹೀಗಾಗಲು ಕಾರಣ ಪೊಸಿಷನ್ ಬಯಾಸ್. ಜನ ಒಂದು ಸಾಲನ್ನು ಒತ್ತಬೇಕಾದರೆ ಮೊದಲು ಅದು ಅವರ ಕಣ್ಣಿಗೆ ಬೀಳಬೇಕು, ಆಮೇಲೆ ಹಿಡಿಸಬೇಕು. ಕ್ಲಿಕ್ ಅನ್ನೋದು ಈ ಎರಡರ ಗುಣಲಬ್ಧ. ಮೊದಲ ಸಾಲು ಎಲ್ಲರ ಕಣ್ಣಿಗೂ ಬೀಳುತ್ತೆ. ಆರನೇ ಸಾಲಿಗೆ ಬರುವಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸ್ಕ್ರಾಲ್ ಮಾಡೋದನ್ನೇ ಬಿಟ್ಟಿರುತ್ತಾರೆ. ಹಾಗಾಗಿ ಕೆಳಗಿನ ಸಾಲನ್ನು ಒತ್ತಲಿಲ್ಲ ಅಂದರೆ ಬೇಡ ಅಂತಲೇ ಅರ್ಥ ಅಲ್ಲ. ನೋಡಿಯೇ ಇಲ್ಲದಿರಬಹುದು. ಗಂಜ್‌ನಲ್ಲಿ ಬಾಗಿಲ ಬಳಿ ಇಟ್ಟ ಚೀಲಕ್ಕೆ ಬಂದವರೆಲ್ಲ ಕೈ ಹಾಕಿ ನೋಡುತ್ತಾರೆ, ಅಷ್ಟಕ್ಕೇ ಒಳಗಿನ ಚೀಲದ ಮಾಲು ಕೆಟ್ಟದ್ದು ಅಂತೀವಾ?

ನಮ್ಮ ಬೇಳೆಯದೇ ಲೆಕ್ಕ ನೋಡಿ. ಸುಲಭವಾಗಲಿ ಅಂತ ಸಂಖ್ಯೆಗಳನ್ನು ದುಂಡು ಮಾಡಿದ್ದೇನೆ. ಮೊದಲ ಸಾಲಿನ ಹೊರಗಿನ ಪ್ಯಾಕೆಟ್ ಬೇಳೆಗೆ 1000 ಹುಡುಕಾಟಕ್ಕೆ 200 ಕ್ಲಿಕ್. ಆರನೇ ಸಾಲಿನ ನಮ್ಮೂರ ಮಿಲ್ಲಿನ ಬೇಳೆಗೆ 60. ಅವರ ಮಾಡೆಲ್ ಇದನ್ನು ಹಾಗೇ ಓದಿಕೊಂಡಿತು: 200 ದೊಡ್ಡದು, 60 ಚಿಕ್ಕದು. ಆಮೇಲೆ ನಾವೇ ಅಳೆದು ನೋಡಿದಾಗ, ಮೊದಲ ಸಾಲನ್ನು ಐದು ಜನ ನೋಡಿದರೆ ಆರನೇ ಸಾಲನ್ನು ನೋಡುವವರು ಒಬ್ಬರು ಅಂತ ಗೊತ್ತಾಯಿತು. ಅಂದರೆ ಮೊದಲ ಸಾಲಿಗೆ 1 ಅಂತ ಇಟ್ಟುಕೊಂಡರೆ ಆರನೆಯದಕ್ಕೆ 0.2. ಈಗ ಭಾಗಿಸಿ. ಪ್ಯಾಕೆಟ್ ಬೇಳೆ 200ಕ್ಕೇ ನಿಂತಿತು. ಮಿಲ್ಲಿನ ಬೇಳೆ 60 ಭಾಗಿಸು 0.2, ಅಂದರೆ 300. ನೋಡಿದವರ ಪೈಕಿ ಜಾಸ್ತಿ ಜನಕ್ಕೆ ಹಿಡಿಸಿದ್ದು ಕೆಳಗಿನ ಬೇಳೆಯೇ. 2019ರಲ್ಲಿ ಜಿಐ ಟ್ಯಾಗ್ ಸಿಕ್ಕ ಗುಲಬರ್ಗಾ ತೊಗರಿ ಬೇಳೆಯನ್ನು ಕಲಬುರಗಿಯ ಆ್ಯಪ್‌ನಲ್ಲೇ ಆರನೇ ಸಾಲಿಗೆ ತಳ್ಳಿದ್ದೆವು.

ಹಾಗಾದರೆ ವರದಿಯಲ್ಲಿ ಅಂಕ ಅಷ್ಟೊಂದು ಹೇಗೆ ಬಂತು? ಜನ ಮೋಸ ಹೋಗುವುದು ಇಲ್ಲೇ. ಅವರು ಕ್ಲಿಕ್ ಡೇಟಾದ ಒಂದು ಭಾಗದಿಂದ ಕಲಿಸಿ, ಉಳಿದ ಭಾಗದ ಮೇಲೆ, ಒತ್ತಿದ ಸಾಮಾನು ಪಟ್ಟಿಯಲ್ಲಿ ಮೇಲಿದ್ದಷ್ಟೂ ಜಾಸ್ತಿ ಅಂಕ ಕೊಡುವ ಎನ್‌ಡಿಸಿಜಿ ಅನ್ನುವ ಅಳತೆಯಲ್ಲಿ ಅಂಕ ಹಾಕಿದ್ದರು. ಆದರೆ ಉಳಿದ ಭಾಗವೂ ಹಳೇ ಪಟ್ಟಿಯನ್ನು ನೋಡಿ ಒತ್ತಿದ ಕ್ಲಿಕ್ಕೇ ಅಲ್ವಾ? ಹಳೇ ಪಟ್ಟಿಯನ್ನು ಕಾಪಿ ಹೊಡೆದಷ್ಟೂ ಅಂಕ ಜಾಸ್ತಿ. ಮಿಲ್ಲಿನ ಬೇಳೆಯನ್ನು ಮೇಲೆ ತಂದಿದ್ದರೆ ಅಂಕ ಇಳಿಯುತ್ತಿತ್ತು. ಇನ್ನೂ ಜಾಸ್ತಿ ಕ್ಲಿಕ್ ಕೂಡಿಸಿದರೆ ಸರಿಹೋಗುತ್ತೆ ಅಂತ ಅವರು ಹೇಳಿದ್ದೂ ಸುಳ್ಳು. ಅಲ್ಲೊಂದು ಇಲ್ಲೊಂದು ಆಗುವ ತಪ್ಪಾದರೆ ಡೇಟಾ ಹೆಚ್ಚಿದಂತೆ ಅಳಿಸಿಹೋಗುತ್ತೆ. ಇದು ಎಲ್ಲ ಕ್ಲಿಕ್‌ನಲ್ಲೂ ಒಂದೇ ಕಡೆ ಎಳೆಯುವ ತಪ್ಪು. ಡೇಟಾ ಹೆಚ್ಚಿದಷ್ಟೂ ಯಂತ್ರಕ್ಕೆ ತಪ್ಪಿನ ಮೇಲೆ ಭರವಸೆ ಹೆಚ್ಚುತ್ತೆ.

ಜಗಳ ಮಾಡಿದ ಮೇಲೆ ಅವರು ಒಂದು ರಿಪೇರಿ ಮಾಡಿಕೊಟ್ಟರು. ಸಾಲಿನ ಸಂಖ್ಯೆಯನ್ನೂ ಮಾಡೆಲ್‌ಗೆ ಒಂದು ಅಂಶವಾಗಿ ಕೊಟ್ಟು ಕಲಿಸೋದು, ಬಳಸುವಾಗ ಎಲ್ಲ ಸಾಮಾನಿಗೂ "ನೀನು ಮೊದಲ ಸಾಲಿನಲ್ಲಿದ್ದೀಯ" ಅಂತ ಹೇಳೋದು. ಉಪಾಯ ಕೆಟ್ಟದ್ದಲ್ಲ, ಬೇರೆ ಕಡೆ ಇದು ನಡೆಯುತ್ತೆ. ನಮ್ಮಲ್ಲಿ ನಡೆಯಲಿಲ್ಲ. ಯಾಕೆಂದರೆ ನಮ್ಮ ಪಟ್ಟಿ ಜೋಡಿಸಿದ್ದೇ ತಾರೀಕಿನ ಮೇಲೆ. ಮೇಲಿನ ಸಾಲು, ಹಳೇ ತಾರೀಕು ಎರಡೂ ಯಾವಾಗಲೂ ಜೊತೆಗೇ ಬರುತ್ತವೆ. ಕ್ಲಿಕ್ ಬಂದದ್ದು ಸಾಲಿನಿಂದಲೋ ಸಾಮಾನಿನಿಂದಲೋ ಅಂತ ಬಿಡಿಸಿ ಹೇಳಲು ಆ ಡೇಟಾದಲ್ಲಿ ಏನೂ ಇಲ್ಲ. ಯಂತ್ರ ತನಗೆ ತೋಚಿದಂತೆ ಒಂದಷ್ಟು ಸಾಲಿಗೆ, ಒಂದಷ್ಟು ತಾರೀಕಿಗೆ ಹಂಚಿತು. ಬೇಳೆ ಆರರಿಂದ ಐದಕ್ಕೆ ಬಂತು, ಅಷ್ಟೇ.

ಬಿಡಿಸಬೇಕಾದರೆ ಪಟ್ಟಿಯನ್ನು ಬೇಕಂತಲೇ ಸ್ವಲ್ಪ ಕದಲಿಸಬೇಕು. ನೂರರಲ್ಲಿ ಹತ್ತು ಹುಡುಕಾಟವನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಅದರಲ್ಲಿ ಮೊದಲ ಸಾಲಿನ ಸಾಮಾನನ್ನೂ ಆರನೇ ಸಾಲಿನದನ್ನೂ ಅದಲುಬದಲು ಮಾಡಿದೆವು. ಮಾಲೀಕರಿಗೆ ಹೆದರಿಕೆ. "ಮ್ಯಾಲಿಂದು ಕೆಳಗ ಹಾಕಿದ್ರ ವ್ಯಾಪಾರ ಹೋಗ್ತದಲ್ಲೋ" ಅಂದರು. ಇಡೀ ಪಟ್ಟಿ ಕಲಸಿದರೆ ಹೋಗುತ್ತೆ, ಹತ್ತಕ್ಕೆ ಒಂದರಲ್ಲಿ ಎರಡು ಸಾಮಾನು ಜಾಗ ಬದಲಿಸಿದರೆ ಹೋಗಲ್ಲ. ಅದೇ ಪ್ಯಾಕೆಟ್ ಬೇಳೆಗೆ ಮೇಲಿದ್ದಾಗ 1000ಕ್ಕೆ 200, ಕೆಳಗಿದ್ದಾಗ 1000ಕ್ಕೆ 40 ಕ್ಲಿಕ್. ಸಾಮಾನು ಬದಲಾಗಿಲ್ಲ, ಜಾಗ ಮಾತ್ರ ಬದಲಾಗಿದೆ. 40 ಭಾಗಿಸು 200, ಅದೇ 0.2. ಒಂದೇ ಹುಡುಕಾಟದಿಂದ ಈ ಸಂಖ್ಯೆ ನಂಬಬೇಡಿ, ಎಲ್ಲ ಹುಡುಕಾಟದ್ದೂ ಕೂಡಿಸಿ. ಮೊದಲ ಸಾಲನ್ನು ಎರಡನೆಯದರ ಜೊತೆ, ಆಮೇಲೆ ಮೂರನೆಯದರ ಜೊತೆ, ಹೀಗೆ ಪ್ರತಿ ಸಾಲಿಗೂ ಅದಲುಬದಲು ಮಾಡಿ. ಈ ಸಂಖ್ಯೆಯನ್ನು ಪ್ರೊಪೆನ್ಸಿಟಿ ಅಂತಾರೆ. ಕಲಿಸುವಾಗ ಪ್ರತಿ ಕ್ಲಿಕ್ಕಿಗೂ ಇದರಿಂದ ಒಂದನ್ನು ಭಾಗಿಸಿ ತೂಕ ಕೊಡುವ ವಿಧಾನವನ್ನು ಸಂಶೋಧಕ ಥಾರ್ಸ್ಟನ್ ಯೋಆಕಿಮ್ಸ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ್ದಾರೆ. ಹೊಸ ಗುಟ್ಟೇನಲ್ಲ, ನಮಗೆ ಮಾರಲು ಬಂದವರಿಗೆ ಗೊತ್ತಿರಬೇಕಿತ್ತು.

ಆದರೆ ಕೆಳಗಿನ ಸಾಲುಗಳಲ್ಲಿ ಹುಷಾರು. ಇಪ್ಪತ್ತನೇ ಸಾಲಿನ ಪ್ರೊಪೆನ್ಸಿಟಿ 0.02 ಇದ್ದರೆ ಅಲ್ಲಿ ಬಿದ್ದ ಒಂದು ಕ್ಲಿಕ್ 50 ಕ್ಲಿಕ್ಕಿಗೆ ಸಮ. ಯಾರದೋ ಹೆಬ್ಬೆರಳು ಸುಮ್ನೆ ತಾಗಿದ್ದರೂ ಆ ಸಾಮಾನು ಹಾರಿ ಮೇಲೆ ಬರುತ್ತೆ. ಅದಕ್ಕೆ ಮಿತಿ ಹಾಕಿದೆವು:

```
weight = min(1 / p[position], 10)
```

ಮಿತಿ ಹಾಕಿದರೆ ಕೆಳಗಿನವಕ್ಕೆ ಸ್ವಲ್ಪ ಅನ್ಯಾಯ ಉಳಿಯುತ್ತೆ, ಆದರೆ ಪಟ್ಟಿ ದಿನಕ್ಕೊಂದು ಥರ ಕುಣಿಯಲ್ಲ. ನನಗೆ ಇದು ಒಪ್ಪಿಗೆ.

ಒಮ್ಮೆ ಅಳೆದ ಸಂಖ್ಯೆ ಶಾಶ್ವತ ಅಲ್ಲ ಅನ್ನೋದೂ ನೆನಪಿರಲಿ. ಶರಣಬಸವೇಶ್ವರ ಜಾತ್ರೆ ಸಮಯದಲ್ಲಿ ಆಫರ್‌ನ ಬ್ಯಾನರ್ ಒಂದನ್ನು ಪಟ್ಟಿಯ ತಲೆಯ ಮೇಲೆ ಹಾಕಿದ್ದರು. ಚಿಕ್ಕ ಫೋನ್‌ಗಳಲ್ಲಿ ಮೂರನೇ ಸಾಲು ಪರದೆಯಿಂದ ಕೆಳಗೆ ಇಳಿಯಿತು. ಮೂರು, ನಾಲ್ಕನೇ ಸಾಲಿನ ಕ್ಲಿಕ್ ದಢಾರನೆ ಬಿತ್ತು. ಹಳೇ ಸಂಖ್ಯೆಯಿಂದಲೇ ಭಾಗಿಸುತ್ತಿದ್ದ ಮಾಡೆಲ್, ಆ ಸಾಮಾನುಗಳೇ ಜನಕ್ಕೆ ಬೇಡವಾದವು ಅಂತ ತಿಳಿಯಿತು. ಪರದೆಯ ಮೇಲೆ ಏನೇ ಬದಲಾದರೂ ಮತ್ತೆ ಅಳೆಯಬೇಕು. ಫೋನ್‌ಗೆ ಬೇರೆ, ಕಂಪ್ಯೂಟರ್‌ಗೆ ಬೇರೆ.

ಕಣ್ಣಿಗೆ ಬಿದ್ದರೆ ಸಾಕು ಅನ್ನೋ ಲೆಕ್ಕವೂ ಪೂರ್ತಿ ನಿಜ ಅಲ್ಲ. ಅದೇ ಯೋಆಕಿಮ್ಸ್ ತಂಡ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಕಣ್ಣಿನ ಚಲನೆ ಅಳೆದು 2005ರಲ್ಲಿ ಬರೆದ ಪ್ರಬಂಧ ಇದೆ. ಗೂಗಲ್ ಪಟ್ಟಿಯ ಮೊದಲ ಎರಡು ಕೊಂಡಿಗಳನ್ನು ಹೆಚ್ಚುಕಡಿಮೆ ಒಂದೇ ಸಮ ನೋಡಿದ್ದರು, ಒತ್ತಿದ್ದು ಮಾತ್ರ ಮೊದಲನೆಯದನ್ನೇ ಜಾಸ್ತಿ. ಗೊತ್ತಾಗದಂತೆ ಎರಡನ್ನೂ ಅದಲುಬದಲು ಮಾಡಿದರೂ ಮೇಲಿನದಕ್ಕೇ ಜಾಸ್ತಿ ಕ್ಲಿಕ್. ಮೇಲೆ ಇಟ್ಟಿದ್ದಾರೆ ಅಂದಮೇಲೆ ಒಳ್ಳೆಯದೇ ಇರಬೇಕು ಅನ್ನೋ ನಂಬಿಕೆ. ನಮ್ಮ ಅಂಗಡಿಯವರೂ ಹಾಗೇ. ಒತ್ತಿ ಒಳಗೆ ಹೋಗಿ, ದರ ನೋಡಿ ವಾಪಸ್ ಬರುತ್ತಾರೆ. ಅದಕ್ಕೇ ಕ್ಲಿಕ್ ಜೊತೆ ಆರ್ಡರ್ ಆಯಿತಾ ಅನ್ನೋದನ್ನೂ ಈಗ ಸೇರಿಸಿಕೊಳ್ಳುತ್ತಿದ್ದೇವೆ.

ಯಾರನ್ನೂ ಕರೆಸುವ ಮುಂಚೆ ನಿಮ್ಮ ಲಾಗ್ ತೆಗೆದು ನೋಡಿ. ಒತ್ತಿದ್ದನ್ನು ಮಾತ್ರ ಬರೆದಿಟ್ಟಿದ್ದರೆ ಅದರಿಂದ ಏನೂ ಆಗಲ್ಲ. ತೋರಿಸಿದ್ದೆಲ್ಲ ಇರಬೇಕು, ಒತ್ತದೇ ಬಿಟ್ಟದ್ದೂ ಸೇರಿ. ಈಗ ನಮ್ಮ ಲಾಗ್‌ನ ಒಂದೊಂದು ಸಾಲಿನಲ್ಲಿ ಇಷ್ಟು ಇರುತ್ತೆ:

```
query, session, device, item, position, swapped, clicked, ordered
```

ಕೊನೆಗೂ ಬಗೆಹರಿಯದೆ ಉಳಿದದ್ದು, ಪಟ್ಟಿಯಲ್ಲಿ ಕಾಣಿಸಿಕೊಳ್ಳದ ಸಾಮಾನುಗಳದ್ದು. ನಾವು ತೋರಿಸೋದು 30 ಸಾಲು. ಅದರಾಚೆ ಇರುವವುಗಳ ಪ್ರೊಪೆನ್ಸಿಟಿ ಸೊನ್ನೆ, ಸೊನ್ನೆಯಿಂದ ಭಾಗಿಸಲು ಬರಲ್ಲ. ಅವಕ್ಕಾಗಿ ಐದನೇ ಸಾಲನ್ನು ಖಾಲಿ ಬಿಟ್ಟು, ಪ್ರತಿ ಹುಡುಕಾಟಕ್ಕೂ ಚೀಟಿ ಎತ್ತಿದ ಹಾಗೆ ಒಂದನ್ನು ಅಲ್ಲಿ ಕೂರಿಸುತ್ತಿದ್ದೇವೆ. ಈ ವಿಷಯ ಗಂಜ್‌ನಲ್ಲಿ ಹೇಗೋ ಗೊತ್ತಾಗಿ, ಆ ಸಾಲಿಗೆ ದುಡ್ಡು ಕೊಡ್ತೀವಿ ಅಂತ ಫೋನ್ ಬರುತ್ತಿವೆ. ಮಾಲೀಕರಿಗೂ ಆಸೆ ಇದೆ. ಮಾರಿದರೆ ಚೀಟಿ ಎತ್ತೋದು ನಿಲ್ಲುತ್ತೆ, ಅಳತೆಯೂ ಕೆಡುತ್ತೆ ಅಂತ ಹೇಳಿ ಸದ್ಯಕ್ಕೆ ತಡೆದಿದ್ದೇನೆ. ಬೇಕಾದರೆ ಏಳನೇ ಸಾಲು ಮಾರಿ, ಜಾಹೀರಾತು ಅಂತ ಬರೆದು ಹಾಕಿ, ಆ ಕ್ಲಿಕ್‌ಗಳನ್ನು ಕಲಿಕೆಯಿಂದ ತೆಗೆದುಬಿಡೋಣ ಅಂದಿದ್ದೇನೆ.