ಟ್ಯೂಷನ್ ಹಾಜರಿಗೆ ಗೂಗಲ್ ಶೀಟ್ಸ್: ಮೂರು ವರ್ಷ ಬಳಸಿದ ಮೇಲೆ

ನಮ್ಮದು ಹಾಸನ ಜಿಲ್ಲೆಯ ಒಂದು ತಾಲೂಕು ಕೇಂದ್ರದಲ್ಲಿರುವ ಸಣ್ಣ ಕೋಚಿಂಗ್ ಸೆಂಟರ್. ಸಂಜೆ ಹೊತ್ತು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿಕೊಡುತ್ತೇವೆ. ಒಂದು ಬ್ಯಾಚಿನಲ್ಲಿ ಸುಮಾರು 35 ಮಕ್ಕಳು. ಸೋಮ, ಬುಧ, ಶುಕ್ರ ಗಣಿತ. ಮಂಗಳ, ಗುರು, ಶನಿ ವಿಜ್ಞಾನ. ಹಾಜರಿಗೆ ಮೂರು ವರ್ಷದಿಂದ ಗೂಗಲ್ ಶೀಟ್ಸ್ ಬಳಸುತ್ತಿದ್ದೇನೆ. ದುಡ್ಡು ಕೊಡಬೇಕಿಲ್ಲ, ಫೋನಿನಲ್ಲೇ ನಡೆಯುತ್ತದೆ. ಆದರೆ ಸುಮ್ನೆ P, A ಹಾಕುತ್ತಾ ಹೋದರೆ ಅದು ಪುಸ್ತಕದ ಹಾಜರಿಗಿಂತ ಹೆಚ್ಚೇನೂ ಹೇಳುವುದಿಲ್ಲ. ಯಾವ ಮಗು ನಿಧಾನವಾಗಿ ಜಾರುತ್ತಿದೆ ಅಂತ ಹೇಳುವ ಹಾಗೆ ಅದನ್ನು ಜೋಡಿಸಿಕೊಳ್ಳಬೇಕು. ಈ ವಿಮರ್ಶೆ ಹೆಚ್ಚಾಗಿ ಅದರ ಬಗ್ಗೆಯೇ.

ಶೀಟ್ಸ್‌ಗೆ ಮೊದಲು ಒಂದು ವರ್ಷ ದುಡ್ಡು ಕೊಟ್ಟು ಒಂದು ಹಾಜರಿ ಆ್ಯಪ್ ಬಳಸಿದ್ದೆವು. ಬರದ ಮಗುವಿನ ಮನೆಗೆ ಅದೇ ಮೆಸೇಜ್ ಕಳಿಸುತ್ತಿತ್ತು, ಅದು ಅನುಕೂಲವಾಗಿತ್ತು. ಆದರೆ ತಿಂಗಳ ಕೊನೆಗೆ ಕೊಡುತ್ತಿದ್ದದ್ದು ಬರೀ ಶೇಕಡಾವಾರು. ಇಂಥವರು 88, ಇಂಥವರು 76. ಶಾಲೆಗೆ ಈ ಲೆಕ್ಕ ಸರಿ, ಅಲ್ಲಿ ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕು ಅನ್ನೋ ನಿಯಮ ಇದೆ. ಟ್ಯೂಷನ್‌ಗೆ ಅಂಥ ನಿಯಮ ಇಲ್ಲ. ಇಲ್ಲಿ ಮಗು ಬರುವುದು ಬಿಡುವುದು ಅದರ ಮನಸ್ಸಿನ ಮೇಲೆ ನಿಂತಿದೆ. ಮನಸ್ಸು ತಿರುಗಿದ ಕೂಡಲೇ ನಮಗೆ ಗೊತ್ತಾಗಬೇಕು. ಜೂನ್‌ನಿಂದ ಕೂಡಿಕೊಂಡು ಬಂದ ಶೇಕಡಾವಾರು ಅದನ್ನು ಹೇಳುವಷ್ಟರಲ್ಲಿ ದಸರಾ ರಜೆ ಬಂದಿರುತ್ತದೆ.

ಕಳೆದ ವರ್ಷದ ಎರಡು ಮಕ್ಕಳ ಲೆಕ್ಕ ನೋಡಿ. ಆಗಸ್ಟ್ ಹೊತ್ತಿಗೆ 45 ತರಗತಿ ಆಗಿದ್ದವು. ಒಬ್ಬ ಹುಡುಗಿ 10 ದಿನ ಬಂದಿರಲಿಲ್ಲ, ಅವಳ ಹಾಜರಿ ಶೇ. 78. ಒಬ್ಬ ಹುಡುಗ 5 ದಿನ ಮಾತ್ರ ತಪ್ಪಿಸಿದ್ದ, ಅವನದು ಶೇ. 89. ಶೇಕಡಾವಾರು ನೋಡಿದರೆ ಯಾರ ಮನೆಗೆ ಫೋನ್ ಮಾಡಬೇಕು? ಹುಡುಗಿ ಮನೆಗೆ ಅಲ್ವಾ. ಆದರೆ ಅವಳು ಜೂನ್ ಕೊನೆಗೆ ಕಾಮಾಲೆ ಬಂದು ಮಲಗಿದ್ದಳು. ಆ 10ರಲ್ಲಿ 9 ದಿನ ಒಟ್ಟಿಗೇ ಹೋದವು. ಹುಷಾರಾದ ಮೇಲೆ ಒಂದೇ ಒಂದು ದಿನ ತಪ್ಪಿಸಿದ್ದಳು. ಹುಡುಗನ 5 ಗೈರಿನಲ್ಲಿ 4 ಬಂದದ್ದು ಕೊನೆಯ 10 ತರಗತಿಯಲ್ಲಿ. ಜಾರುತ್ತಿದ್ದವನು ಅವನು.

ಹಾಗಾಗಿ ನನ್ನ ಶೀಟಿನಲ್ಲಿ ನಾನು ಮೊದಲು ನೋಡುವ ಅಂಕಿ ಒಂದೇ: ಕೊನೆಯ 10 ತರಗತಿಯಲ್ಲಿ ಎಷ್ಟು A. ವಾರಕ್ಕೆ ಆರು ದಿನ ತರಗತಿ ಇರುವುದರಿಂದ 10 ಅಂದರೆ ಹೆಚ್ಚುಕಡಿಮೆ ಎರಡು ವಾರ. 5 ತರಗತಿ ನೋಡಿದರೆ ಒಂದು ಜ್ವರವೂ ಗಾಬರಿ ಹುಟ್ಟಿಸುತ್ತದೆ. 20 ನೋಡಿದರೆ ತಡವಾಗುತ್ತದೆ. 10ರಲ್ಲಿ 3 ಆದರೆ ಹೆಸರು ಕೆಂಪಾಗುತ್ತದೆ, ಅಂದೇ ಮಗುವನ್ನು ಮಾತಾಡಿಸುತ್ತೇನೆ.

ಶೀಟ್ ಹೀಗಿದೆ. A ಕಾಲಂನಲ್ಲಿ ಕ್ರಮಸಂಖ್ಯೆ, Bಯಲ್ಲಿ ಹೆಸರು, Cಯಲ್ಲಿ ಮನೆಯವರ ಫೋನ್. Dಯಲ್ಲಿ ಒಟ್ಟು ಶೇಕಡಾವಾರು, Eಯಲ್ಲಿ ಕೊನೆಯ 10ರ ಗೈರು, Fನಲ್ಲಿ ಅದರಲ್ಲಿ ಗಣಿತದ ಗೈರು. G ಖಾಲಿ, ಸಪೂರ ಕಾಲಂ. Hನಿಂದ ದಿನಗಳು. ಮೇಲಿನ ನಾಲ್ಕು ಸಾಲಿನಲ್ಲಿ ತಾರೀಕು, ವಾರ, ವಿಷಯ (ಗಣಿತಕ್ಕೆ M, ವಿಜ್ಞಾನಕ್ಕೆ S) ಮತ್ತು ಆ ದಿನದ ಒಟ್ಟು ಗೈರು. ಮಕ್ಕಳ ಹೆಸರು ಐದನೇ ಸಾಲಿನಿಂದ.

ಹೊಸ ದಿನದ ಕಾಲಂ ಬಲತುದಿಗೆ ಹಾಕಬೇಡಿ. ಪ್ರತಿದಿನ Hನ ಎಡಕ್ಕೆ ಒಂದು ಕಾಲಂ ಸೇರಿಸಿ. ಆಗ ಇವತ್ತಿನ ಹಾಜರಿ ಯಾವಾಗಲೂ ಹೆಸರಿನ ಪಕ್ಕದಲ್ಲೇ ಇರುತ್ತದೆ. ಅಕ್ಟೋಬರ್‌ನಲ್ಲಿ ಫೋನ್ ಹಿಡಿದು ನೂರು ಕಾಲಂ ಸರಿಸುವ ಕೆಲಸ ತಪ್ಪುತ್ತದೆ. ಆದರೆ ಇದರಲ್ಲಿ ಒಂದು ತೊಡಕಿದೆ. ಕೊನೆಯ 10 ಅಂತ `H5:Q5` ಬರೆದರೆ, ಹೊಸ ಕಾಲಂ ಸೇರಿಸಿದ ಕೂಡಲೇ ಶೀಟ್ಸ್ ಅದನ್ನು ತಾನೇ `I5:R5` ಮಾಡಿಬಿಡುತ್ತದೆ. ಇವತ್ತಿನ ದಿನ ಲೆಕ್ಕದಿಂದ ಹೊರಗೆ ಉಳಿಯುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ, ಅಂಕಿ ಮಾತ್ರ ಹಳೆಯದಾಗುತ್ತಾ ಹೋಗುತ್ತದೆ. ಖಾಲಿ G ಕಾಲಂ ಇರುವುದು ಇದಕ್ಕೇ. ಅದು ಜಾಗ ಬಿಟ್ಟು ಕದಲುವುದಿಲ್ಲ. ಅದರ ಬಲಕ್ಕಿರುವ 10 ಮನೆ ಎಣಿಸು ಅಂತ ಹೇಳಿದರೆ ಆಯಿತು. D5, E5, F5ಕ್ಕೆ ಕ್ರಮವಾಗಿ ಇವು:

```
=1-COUNTIF($G5:5,"A")/COUNTA($G5:5)
=COUNTIF(OFFSET($G5,0,1,1,10),"A")
=COUNTIFS(OFFSET($G$3,0,1,1,10),"M",OFFSET($G5,0,1,1,10),"A")
```

ಇವನ್ನು ಕೆಳಗಿನ ಸಾಲುಗಳಿಗೆ ಎಳೆದುಕೊಳ್ಳಿ. D ಕಾಲಂಗೆ Format → Number → Percent ಕೊಡಿ, ಇಲ್ಲದಿದ್ದರೆ 78 ಬದಲು 0.78 ಥರ ಕಾಣುತ್ತದೆ. ಕೆಂಪು ಬಣ್ಣಕ್ಕೆ ಕಂಪ್ಯೂಟರಿನಲ್ಲಿ B5ರಿಂದ ಕೆಳಗಿನ ಹೆಸರುಗಳನ್ನು ಆರಿಸಿ, Format → Conditional formatting → Custom formula is, ಅಲ್ಲಿ `=$E5>=3`. ಫಾರ್ಮುಲಾ ಕೆಲಸ ಇಷ್ಟೇ. ಒಂದು ಸಲ ಕೂತು ಮಾಡಿದರೆ ವರ್ಷಪೂರ್ತಿ ಮುಟ್ಟಬೇಕಿಲ್ಲ.

ಇನ್ನು ಆ ಹುಡುಗನ ವಿಷಯ. ಅವನ Eಯಲ್ಲಿ 4 ಇತ್ತು, Fನಲ್ಲೂ 4. ಅಂದರೆ ಎರಡು ವಾರದ ಐದು ಗಣಿತ ತರಗತಿಯಲ್ಲಿ ನಾಲ್ಕಕ್ಕೆ ಬಂದಿಲ್ಲ. ವಿಜ್ಞಾನಕ್ಕೆ ಒಂದೂ ತಪ್ಪಿಸಿಲ್ಲ. ದಿನ ಬಿಟ್ಟು ದಿನ ಬರುತ್ತಿದ್ದುದರಿಂದ ನಮ್ಮ ಇಬ್ಬರು ಮೇಷ್ಟ್ರುಗಳಿಗೂ ಅವನು ಇದ್ದಾನೆ ಅಂತಲೇ ಅನ್ನಿಸುತ್ತಿತ್ತು. ಮೈ ಹುಷಾರಿಲ್ಲದೆಯೋ ಮನೆಯಲ್ಲಿ ಕೆಲಸ ಇದ್ದೋ ಉಳಿದಿದ್ದರೆ ಎರಡೂ ವಿಷಯಕ್ಕೆ ತಪ್ಪುತ್ತಿತ್ತು. ಒಂದೇ ವಿಷಯಕ್ಕೆ ತಪ್ಪಿದೆ ಅಂದರೆ ಕಾರಣ ಆ ಪಾಠದಲ್ಲಿದೆ. ಮನೆಗೆ ಫೋನ್ ಮಾಡುವ ಮೊದಲು ಅವನನ್ನೇ ವಿಜ್ಞಾನದ ತರಗತಿ ಮುಗಿದ ಮೇಲೆ ನಿಲ್ಲಿಸಿಕೊಂಡೆ. "ಏನಪ್ಪಾ, ಲೆಕ್ಕಕ್ಕೆ ಬರ್ತಿಲ್ಲ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಜೋಡಿ ಸಮೀಕರಣ ಗೊತ್ತಾಗ್ತಿಲ್ಲ ಸಾರ್, ಬೋರ್ಡಿಗೆ ಕರೀತಾರೆ" ಅಂದ.

ಅಲ್ಲೇ ಒಂದು ಲೆಕ್ಕ ಕೊಟ್ಟೆ: 2x + 3y = 12, 2x − y = 4. ಮೊದಲನೆಯದರಿಂದ ಎರಡನೆಯದನ್ನು ಕಳೆಯಬೇಕು ಅನ್ನೋದು ಅವನಿಗೆ ಗೊತ್ತಿತ್ತು. ಆದರೆ 3yಯಿಂದ −yಯನ್ನು ಕಳೆದಾಗ 2y ಬರೆದ. ಬರಬೇಕಾದ್ದು 4y. ಅಲ್ಲಿಂದ y = 4, x = 0 ಅಂತ ಹೋಯಿತು. ಸರಿ ಉತ್ತರ y = 2, x = 3. ಪಾಠ ಅವನಿಗೆ ಬರುತ್ತಿತ್ತು, ಕಳೆಯುವಾಗ ಚಿಹ್ನೆ ಬದಲಾಗುವುದೊಂದೇ ಕೈಕೊಡುತ್ತಿತ್ತು. ಪ್ರತಿ ಲೆಕ್ಕವೂ ಆ ಒಂದು ಜಾಗದಲ್ಲಿ ಕೆಡುತ್ತಿದ್ದರೆ ಯಾವ ಮಗು ತಾನೇ ಬೋರ್ಡಿನ ಮುಂದೆ ನಿಲ್ಲಲು ಒಪ್ಪುತ್ತದೆ? ಒಂದು ವಾರ ತರಗತಿಗೆ ಮೊದಲು ಕಾಲು ಗಂಟೆ ಬರೀ ಋಣ ಸಂಖ್ಯೆ ಕಳೆಯುವುದನ್ನೇ ಮಾಡಿಸಿದೆವು. ಆ ವಾರದಿಂದಲೇ ಗಣಿತಕ್ಕೂ ಬರತೊಡಗಿದ. "ನಿಮ್ಮ ಮಗ ಟ್ಯೂಷನ್‌ಗೆ ಬರ್ತಿಲ್ಲ" ಅಂತ ನೇರ ಮನೆಗೆ ಹೇಳಿದ್ದರೆ ಅವನಿಗೆ ಬೈಗುಳ ಸಿಗುತ್ತಿತ್ತು, ಲೆಕ್ಕ ಮಾತ್ರ ಹಾಗೇ ಉಳಿಯುತ್ತಿತ್ತು.

ಎರಡು ವಿಷಯ ಹೇಳುವ ಎಲ್ಲ ಸೆಂಟರಿಗೂ ಈ F ಕಾಲಂ ಇರಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ. ಗೈರಿನ ಸಂಖ್ಯೆ ಯಾರನ್ನು ಮಾತಾಡಿಸಬೇಕು ಅಂತ ಹೇಳುತ್ತದೆ. ಮಾತು ಎಲ್ಲಿಂದ ಶುರು ಮಾಡಬೇಕು ಅಂತ ಹೇಳುವುದು ವಿಷಯವಾರು ಗೈರು.

ದಿನ ಬಳಸುವಾಗ ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಫೋನಿನಲ್ಲಿ ಕನ್ನಡ ಕೀಬೋರ್ಡ್ ಇದ್ದರೆ A ಬದಲು ಎ ಬೀಳುತ್ತದೆ. ಕೆಲವೊಮ್ಮೆ A ಆದ ಮೇಲೆ ಒಂದು ಸ್ಪೇಸ್ ಸೇರಿಕೊಳ್ಳುತ್ತದೆ. ಕಣ್ಣಿಗೆ A ಥರವೇ ಕಾಣುತ್ತದೆ, ಆದರೆ ಫಾರ್ಮುಲಾ ಅದನ್ನು ಎಣಿಸುವುದಿಲ್ಲ. ಹೀಗಾದಾಗ ಆ ಮಗು ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ, ಅದೇ ಅಪಾಯ. G5ರಿಂದಲೇ ಶುರುಮಾಡಿ Data validation ಹಾಕಿ P, A, T ಮೂರನ್ನೇ ಡ್ರಾಪ್‌ಡೌನ್ ಮಾಡಿ, Reject the input ಆರಿಸಿ. T ಅಂದರೆ ತಡವಾಗಿ ಬಂದವರು. ಒಬ್ಬರಿಗೇ T ಸಾಲಾಗಿ ಬಿದ್ದರೆ ಹಳ್ಳಿ ಬಸ್ಸಿನ ಟೈಮ್ ಬದಲಾಗಿದೆಯಾ ಅಂತ ಕೇಳಿ, ಬಹಳ ಸಲ ಅಷ್ಟೇ ಇರುತ್ತದೆ.

ಹೇಳಿ ರಜೆ ಹಾಕಿದವರಿಗೂ ನಾನು A ಅಂತಲೇ ಹಾಕುತ್ತೇನೆ. ಇದಕ್ಕೆ ನಮ್ಮಲ್ಲೇ ಒಬ್ಬ ಮೇಷ್ಟ್ರು ಒಪ್ಪುವುದಿಲ್ಲ. ಆದರೆ ಮದುವೆಗೆ ಹೋಗಿ ತಪ್ಪಿದರೂ ಪಾಠ ತಪ್ಪಿದ್ದು ತಪ್ಪಿದ್ದೇ. ಕಾರಣವನ್ನು ಆ ಸೆಲ್‌ಗೆ Insert note ಹಾಕಿ ಬರೆದಿಡುತ್ತೇವೆ, ಮಾತಾಡುವಾಗ ನೋಡಿಕೊಳ್ಳಬಹುದು.

ರಜೆಯ ದಿನಕ್ಕೆ ಕಾಲಂ ಹಾಕಲೇಬೇಡಿ. ಜೋರು ಮಳೆ ಬಂದು ಅರ್ಧ ಬ್ಯಾಚೇ ಬರದ ದಿನ ನಾಲ್ಕನೇ ಸಾಲು ಉಪಯೋಗಕ್ಕೆ ಬರುತ್ತದೆ. ಅಲ್ಲಿ `=COUNTIF(H5:H,"A")` ಇರುತ್ತದೆ. ಹೊಸ ಕಾಲಂ ಸೇರಿಸಿದಾಗ ಪಕ್ಕದ ಕಾಲಂನಿಂದ ಇದನ್ನು ಕಾಪಿ ಮಾಡಿಕೊಳ್ಳಬೇಕು, ತಾನಾಗಿ ಬರುವುದಿಲ್ಲ. ಅಲ್ಲಿ ದಿನವೂ ಮೂರು ನಾಲ್ಕು ಇರುವುದು 18 ಆದರೆ ಅದು ಮಕ್ಕಳ ತಪ್ಪಲ್ಲ, ಆ ದಿನದ್ದು. ಮಳೆಗಾಲದಲ್ಲಿ ಏಳೆಂಟು ಹೆಸರು ಒಟ್ಟಿಗೇ ಕೆಂಪಾದರೆ ಮೊದಲು ಈ ಸಾಲು ನೋಡಿ.

ಶೀಟ್ಸ್ ಮಾಡದ ಕೆಲಸಗಳೂ ಇವೆ. ಮನೆಯವರಿಗೆ ತಾನಾಗಿ ಮೆಸೇಜ್ ಹೋಗುವುದಿಲ್ಲ, ನಾವೇ ಫೋನ್ ಮಾಡಬೇಕು. ಮೂರು ಬ್ಯಾಚ್ ಇರುವವರಿಗೆ ಇದು ಭಾರವಲ್ಲ. ಮುನ್ನೂರು ನಾನೂರು ಮಕ್ಕಳಿರುವ ಸೆಂಟರಿಗೆ ನಾನು ಇದನ್ನು ಹೇಳುವುದಿಲ್ಲ, ಅವರಿಗೆ ಬೇರೆ ಸಾಫ್ಟ್‌ವೇರ್ ಬೇಕು. ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತು ಹೋಗುವ ಮಗುವನ್ನೂ ಇದು ತೋರಿಸುವುದಿಲ್ಲ. ಅದಕ್ಕೆ ಶನಿವಾರದ ಕಿರುಪರೀಕ್ಷೆಯ ಅಂಕವೇ ಬೇಕು. ದಸರಾ ರಜೆ ಆದ ಮೇಲಿನ ಮೊದಲ ವಾರ Eಯಲ್ಲಿ ರಜೆಯ ಹಿಂದಿನ ದಿನಗಳೂ ಸೇರಿರುತ್ತವೆ. ಆಗ ಬಣ್ಣ ನಂಬದೆ ದಿನಗಳನ್ನೇ ಕಣ್ಣಲ್ಲಿ ನೋಡುತ್ತೇನೆ.

ನೆಟ್ ಇಲ್ಲದಾಗಲೂ ತೊಂದರೆ ಇಲ್ಲ. ಫೋನಿನಲ್ಲಿ ಆ ಫೈಲಿಗೆ Make available offline ಕೊಟ್ಟಿದ್ದರೆ ಹಾಜರಿ ಹಾಕಬಹುದು, ನೆಟ್ ಬಂದ ಮೇಲೆ ಸೇರಿಕೊಳ್ಳುತ್ತದೆ. ಇಬ್ಬರು ಮೇಷ್ಟ್ರು ಒಂದೇ ಶೀಟ್ ಬಳಸುವಾಗ ಯಾರು ಯಾವುದನ್ನು ಬದಲಿಸಿದರು ಅಂತ ಕಂಪ್ಯೂಟರಿನಲ್ಲಿ ಸೆಲ್ ಮೇಲೆ ರೈಟ್ ಕ್ಲಿಕ್ ಮಾಡಿ Show edit history ನೋಡಿದರೆ ಗೊತ್ತಾಗುತ್ತದೆ. ಪೋಷಕರ ವಾಟ್ಸಾಪ್ ಗ್ರೂಪಿಗೆ ಮಾತ್ರ ಈ ಶೀಟಿನ ಲಿಂಕ್ ಯಾವತ್ತೂ ಹಾಕಬೇಡಿ. ಅದರಲ್ಲಿ ಎಲ್ಲ ಮನೆಯ ಫೋನ್ ನಂಬರ್ ಇದೆ. ಯಾರ ಮಗು ಕೆಂಪು ಅನ್ನೋದು ಬೇರೆ ಮನೆಗಳಿಗೆ ತಿಳಿಯಬೇಕಾದ ವಿಷಯವೂ ಅಲ್ಲ. ಪೋಷಕರು ಕೇಳಿದರೆ ಅವರ ಮಗುವಿನ ಸಾಲನ್ನಷ್ಟೇ ಸ್ಕ್ರೀನ್‌ಶಾಟ್ ತೆಗೆದು ಕಳಿಸುತ್ತೇನೆ. ಮಾರ್ಚ್‌ನಲ್ಲಿ ಬ್ಯಾಚ್ ಮುಗಿದ ಮೇಲೆ ಶೀಟನ್ನು ಕಾಪಿ ಮಾಡಿ, ದಿನಗಳನ್ನೂ ಹೆಸರುಗಳನ್ನೂ ಅಳಿಸಿ ಹೊಸ ವರ್ಷಕ್ಕೆ ಇಟ್ಟುಕೊಳ್ಳುತ್ತೇವೆ. ಹಳೆಯದರಲ್ಲಿ ಫೋನ್ ಕಾಲಂ ತೆಗೆದುಬಿಡುತ್ತೇವೆ.